ಇಂದಾಪುರ ತಾಲ್ಲೂಕಿನ ನಮ್ಮೂರ ರೈತರಿಗೆ

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ.

ಈ ತಿಂಗಳ ಕೊನೆಗೆ ನಾನು ನಿವೃತ್ತ. ಬರುವವರು ಮರಾಠಿಯವರು, ಮಾತು ತೊಡಕಾದರೆ ದನದ ಹತ್ತಿರ ಕರೆದೊಯ್ಯಿರಿ, ಸಾಕು.

ಸಂಜೆ ಬೆದೆಗೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಬಂದದ್ದಕ್ಕೆ ಅಂದೇ ಸಂಜೆ ಗರ್ಭಧಾರಣೆ ಮಾಡಿಸಿ. ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ ಬೇಕೇ ಬೇಕು, ಒಂದೆರಡು ದಿನ ಹಾಲು ಇಳಿದೀತೆಂದು ಎಮ್ಮೆಯನ್ನು ಕಬ್ಬಿನ ಗದ್ದೆಯಲ್ಲಿ ಬಚ್ಚಿಡಬೇಡಿ (ಯಾರೆಂದು ಹೇಳುವುದಿಲ್ಲ!). ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, 25 ಕೆ.ಜಿ. ಕರುವಿಗೆ ಮೊದಲ ದಿನ ಎರಡೂವರೆ ಲೀಟರ್, ಮೂರ್ನಾಲ್ಕು ಸಲಕ್ಕೆ ಹಂಚಿ. ಮಾಸು ಬೀಳದಿದ್ದರೆ ಕಲ್ಲು ಕಟ್ಟಬೇಡಿ, ಗರ್ಭಕೋಶವೇ ಹೊರಬಂದೀತು. ಗೊಟ್ಟ ಹಾಕುವಾಗ ನಾಲಿಗೆ ಎಳೆಯಬೇಡಿ; ಕೆಮ್ಮಿದ ಕೂಡಲೇ ತಲೆ ಬಿಡಿ, ಔಷಧ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ತುರ್ತಿಗೆ 1962ಕ್ಕೆ ಫೋನ್ ಮಾಡಿ. ಲಸಿಕೆ ಪಟ್ಟಿ ಡೇರಿಯಲ್ಲಿ ಅಂಟಿಸಿದ್ದೇನೆ.

ನಿಮ್ಮ,
ದನದ ದವಾಖಾನೆಯ ಮಲ್ಲಪ್ಪ