ಪರಿಷ್ಕರಣಾ ಪಟ್ಟಿ: ರಾತ್ರಿ ಪಾಳಿಯ ನರ್ಸ್‌ಗಳ ನಿದ್ರೆ ಮತ್ತು ರಕ್ತದೊತ್ತಡ

ತೀರ್ಪು: ಗಣನೀಯ ಪರಿಷ್ಕರಣೆ, ಗಡುವು 60 ದಿನ. ಸಂ ಎಂದರೆ ಸಂಪಾದಕರು, ವಿ1 ಮತ್ತು ವಿ2 ವಿಮರ್ಶಕರು. ಮುಂದಿನ ಅಂಕಿ ಟಿಪ್ಪಣಿಯ ಕ್ರಮಸಂಖ್ಯೆ. ಸಾಲು ಸಂಖ್ಯೆಗಳು ಮೊದಲು ಸಲ್ಲಿಸಿದ ಪ್ರತಿಯವು. ವಿ1-4ರಲ್ಲಿ ಎರಡು ಬೇಡಿಕೆ ಸೇರಿಕೊಂಡಿದ್ದರಿಂದ 4ಅ, 4ಆ ಎಂದು ಒಡೆಯಲಾಗಿದೆ.

ಗಂಭೀರ: ಇವು ಸರಿಹೋಗದೆ ಲೇಖನ ಮುಂದೆ ಸಾಗದು

ವಿಧಾನ

☐ ವಿ2-1, ಸಂ-1 (ಸಾಲು 112–118): ರಕ್ತದೊತ್ತಡದ ಮಾತ್ರೆ ನುಂಗುತ್ತಿರುವ 18 ಮಂದಿ, ಅಳತೆ ಸಹಜವಾಗಿ ಬಂದಿತೆಂದು ‘ಸಾಮಾನ್ಯ’ ಗುಂಪಿಗೆ ಸೇರಿದ್ದಾರೆ. ಅವರನ್ನು ಅಧಿಕ ರಕ್ತದೊತ್ತಡದ ಗುಂಪಿಗೆ ತರಬೇಕು. ಎಲ್ಲಕ್ಕಿಂತ ಮೊದಲು ಇದೇ ಆಗಲಿ. ಇದಾದ ಮೇಲೆ ಕೋಷ್ಟಕ 2, 3ರ ಒಂದು ಅಂಕಿಯೂ ಹಳೆಯದಾಗಿ ಉಳಿಯುವುದಿಲ್ಲ.

☐ ವಿ1-4ಅ (130): 240 ಮಂದಿಯಲ್ಲಿ 31 ಜನರ ನಿದ್ರೆಯ ಅಂಕ ಇಲ್ಲ, ಅವರನ್ನು ಸದ್ದಿಲ್ಲದೆ ಬಿಟ್ಟಿದ್ದೇವೆ. ಉಳಿದ 209 ಜನರೊಂದಿಗೆ ವಯಸ್ಸು, ಪಾಳಿ, ತೂಕ ಹೋಲಿಸಿ ಹೊಸ ಕೋಷ್ಟಕ ಕೊಡಿ. ಮಲ್ಟಿಪಲ್ ಇಂಪ್ಯುಟೇಶನ್ ಮಾಡಿ, ಎರಡೂ ಫಲಿತಾಂಶ ಪಕ್ಕಪಕ್ಕ ಇಡಿ.

ಫಲಿತಾಂಶ

☐ ವಿ1-4ಆ (176): ಸುಮಾರು 44% ಜನರಿಗಿರುವ ಸ್ಥಿತಿಗೆ ಆಡ್ಸ್ ಅನುಪಾತ ಕೊಟ್ಟರೆ ಓದುಗರು ಅಪಾಯವನ್ನು ಹಿಗ್ಗಿಸಿಕೊಳ್ಳುತ್ತಾರೆ. ರೋಬಸ್ಟ್ ವೇರಿಯನ್ಸ್ ಇರುವ ಪ್ವಾಸಾನ್ ಮಾದರಿಯಿಂದ ಪ್ರಚಲನ ಅನುಪಾತ, 95% ವಿಶ್ವಾಸ ವ್ಯಾಪ್ತಿಯೊಂದಿಗೆ.

☐ ವಿ2-3 (190–201): ನಿದ್ರೆಯ 7 ಘಟಕಗಳಿಗೆ 7 ಪರೀಕ್ಷೆ, ತಿದ್ದುಪಡಿ ಇಲ್ಲ. ಬಾನ್‌ಫೆರೋನಿ ಮಿತಿ 0.05/7, ಅಂದರೆ ಸುಮಾರು 0.007. ಈಗಿನ 0.03, 0.04 ಎರಡೂ ಆ ಮಿತಿ ದಾಟವು. ಮರುಲೆಕ್ಕದಲ್ಲೂ ಹಾಗೇ ಆದರೆ ಒಪ್ಪಿಕೊಂಡು ಬರೆಯಿರಿ, ‘ಒಲವು ಕಂಡಿತು’ ಎಂದು ಜಾರಿಕೊಳ್ಳುವುದು ಬೇಡ.

ಚರ್ಚೆ

☐ ವಿ1-1, ವಿ2-2, ಸಂ-2 (240, 251, 268): ಮೂವರದ್ದೂ ಒಂದೇ ಆಕ್ಷೇಪ. ಒಂದೇ ಸಲ ಅಳೆದ ಅಧ್ಯಯನದಲ್ಲಿ ‘ಉಂಟುಮಾಡುತ್ತದೆ’ ಸಲ್ಲದು. ‘ಸಂಬಂಧ ಹೊಂದಿದೆ’ ಎಂದು ಬದಲಿಸಿ. ಶೀರ್ಷಿಕೆಯಲ್ಲೂ ಈ ದೋಷವಿದೆ, ಅವರ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಮಧ್ಯಮ

☐ ಪೀಠಿಕೆ. ವಿ1-2 ಮೊಟಕುಗೊಳಿಸಿ ಎನ್ನುತ್ತಾರೆ, ವಿ2-5 ಪಾಳಿ ಕೆಲಸದ ಅಧ್ಯಯನಗಳನ್ನು ಸೇರಿಸಿ ಎನ್ನುತ್ತಾರೆ. ನಿದ್ರೆಯ ಸಾಮಾನ್ಯ ವಿವರಣೆ (ಸಾಲು 22–41) ತೆಗೆದು, ಅಲ್ಲಿ ಪಾಳಿಯ ಬಗ್ಗೆ ನಾಲ್ಕು ವಾಕ್ಯ. ಈ ನಿರ್ಧಾರವನ್ನು ಇಬ್ಬರ ಉತ್ತರದಲ್ಲೂ ಹೇಳಿ.

☐ ವಿಧಾನ, ವಿ2-4: ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತಿದ ಪಟ್ಟಿಯ ಅಳತೆ, ವಿಶ್ರಾಂತಿಯ ನಿಮಿಷ, ಎಷ್ಟು ಸಲ ಅಳೆದದ್ದು.

☐ ವಿಧಾನ, ವಿ1-3: ಅಧ್ಯಯನ ಮುಗಿದ ಮೇಲಿನ ಪವರ್ ಲೆಕ್ಕ ಕೇಳಿದ್ದಾರೆ. ಮಾಡುವುದಿಲ್ಲ. ಬಂದ ಫಲಿತಾಂಶದಿಂದಲೇ ತೆಗೆದ ಪವರ್, ಪಿ ಮೌಲ್ಯ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ವಿಶ್ವಾಸ ವ್ಯಾಪ್ತಿಯ ಅಗಲ ತೋರಿಸಿ, ಕಾರಣವನ್ನು ವಿನಯದಿಂದ ಎರಡು ವಾಕ್ಯದಲ್ಲಿ ಕೊಡಿ.

ಸಣ್ಣವು

☐ ವಿ1-5: ಚಿತ್ರ 1ರ ಅಕ್ಷಗಳಿಗೆ ಮಾನ. ☐ ವಿ1-6: ಆಕರ 14 ಎರಡು ಬಾರಿ. ☐ ವಿ2-6: ಕಾಗುಣಿತ, ಸಾಲು 88, 203. ☐ ಸಂ-3: ಸ್ಟ್ರೋಬ್ ಪಟ್ಟಿಯ 22 ಅಂಶ, ಪುಟಸಂಖ್ಯೆ ಸಹಿತ, ಪುಟಗಳು ಸ್ಥಿರವಾದ ಮೇಲೆ ತುಂಬಿ.

ಕೊನೆಗೆ

☐ ಸಾರಲೇಖದ ಅಂಕಿಗಳನ್ನು ಹೊಸ ಕೋಷ್ಟಕ 2ರ ಜೊತೆ ತಾಳೆ ನೋಡುವುದು. ಹಳೆಯ ಆಡ್ಸ್ ಅನುಪಾತ 1.9 ಹೆಚ್ಚಾಗಿ ಇಲ್ಲೇ ಉಳಿದುಬಿಡುತ್ತದೆ.
☐ ಉತ್ತರ ಪತ್ರದಲ್ಲಿ 14 ಟಿಪ್ಪಣಿ ಮತ್ತು ಸಂಪಾದಕರ 3 ಅಂಶಗಳಿಗೆ ಒಂದೊಂದು ಉತ್ತರ (4ಅ, 4ಆ ಪ್ರತ್ಯೇಕ, ವಿ2-7 ಮೆಚ್ಚುಗೆ, ಧನ್ಯವಾದ ಸಾಕು), ಹೊಸ ಪ್ರತಿಯ ಸಾಲು ಸಂಖ್ಯೆಯೊಂದಿಗೆ.