ಶಾಲೆ ಮಾಡಿನ ರಿಪೇರಿ: ಭಾನುವಾರದ ಫೋನ್ ಮೀಟಿಂಗ್‌ನಲ್ಲಿ ಯಾರು ಏನು ಒಪ್ಪಿಕೊಂಡೆವು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ (ಏಪ್ರಿಲ್ 12) ಮಾತಾಡಿದ್ದನ್ನು ಮರೆಯುವ ಮೊದಲೇ ಬರೆದು ಹಾಕುತ್ತಿದ್ದೇನೆ. ಫೋನಿನಲ್ಲಿ ಇದ್ದವರು: ಗಣಪತಿಯಣ್ಣ, ಹೆಡ್ ಮೇಡಂ, ಶೋಭಕ್ಕ, ರಫೀಕ್, ಡಲ್ಲಾಸ್‌ನಿಂದ ಪ್ರಕಾಶ, ನಾನು. ಶೋಭಕ್ಕನ ಲೈನ್ ನಡುನಡುವೆ ಕಟ್ಟಾಗುತ್ತಿತ್ತು. ಹಾಗಾಗಿ ಅಕ್ಕ, ನಿಮ್ಮ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಿ. ಒಂದು ಕೆಲಸಕ್ಕೆ ಒಂದೇ ಹೆಸರು ಹಾಕಿದ್ದೇನೆ. 'ಯಾರಾದ್ರೂ ಕೇಳಿದ್ರಾಯ್ತು' ಅಂದ ಮಾತನ್ನೆಲ್ಲ ಬಿಟ್ಟಿದ್ದೇನೆ.

*ತೀರ್ಮಾನ ಆಗಿದ್ದು*

ಈ ಬೇಸಿಗೆ ರಜೆಯಲ್ಲಿ 6–7ನೇ ತರಗತಿ ಕೊಠಡಿಯ ಮಾಡು ಮಾತ್ರ. ಕಾಂಪೌಂಡಿಗೆ ಬಣ್ಣ, ಲೈಬ್ರರಿ ಕಪಾಟು ಮುಂದಿನ ವರ್ಷಕ್ಕೆ. ಪಕಾಸು, ರೀಪು ಎರಡಕ್ಕೂ ಗೆದ್ದಲು ಹತ್ತಿದೆ. ಪುನಃ ಮರ ಹಾಕಿದರೆ ಪುನಃ ಅದೇ ಕಥೆ. ಆದ್ದರಿಂದ ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ನಮ್ಮ ಹಳೇ ಹಂಚೇ. ಶೀಟ್ ಬೇಡ ಅಂತ ಹೆಡ್ ಮೇಡಂ ಹೇಳಿದ್ದು ಎಲ್ಲರಿಗೂ ಒಪ್ಪಿಗೆಯಾಯಿತು. ಮಳೆ ಹೊಡೆಯುವಾಗ ಶೀಟಿನ ಕೆಳಗೆ ಪಾಠ ಕೇಳಿಸೋದಿಲ್ಲ, ಬಿಸಿಲಿಗೆ ಕೂರೋಕಾಗೋದಿಲ್ಲ.

*ಯಾರು, ಏನು, ಯಾವಾಗ*

*ಹೆಡ್ ಮೇಡಂ:* ರಿಪೇರಿಗೆ ಅನುಮತಿ ಕೇಳಿ ಬಿಇಓ ಕಚೇರಿಗೆ ಪತ್ರ. ಗುರುವಾರ, ಏಪ್ರಿಲ್ 16ರೊಳಗೆ. ಜೊತೆಗೆ ಎಸ್‌ಡಿಎಂಸಿ ಸಭೆಯ ನಡಾವಳಿ ಪ್ರತಿ ಇರಬೇಕು. ಪತ್ರ ಕೊಟ್ಟ ಮೇಲೆ ಸೀಲು ಹಾಕಿದ ಪ್ರತಿಯ ಫೋಟೋ ಇಲ್ಲಿ ಹಾಕಿ, ಮೇಡಂ. ಅನುಮತಿ ಕೈಗೆ ಬರುವವರೆಗೆ ಒಂದು ಹಂಚನ್ನೂ ಇಳಿಸುವುದಿಲ್ಲ.

*ಗಣಪತಿಯಣ್ಣ* (ಎಸ್‌ಡಿಎಂಸಿ ಅಧ್ಯಕ್ಷರಾಗಿ): ಆ ಸಭೆಯನ್ನು ಬುಧವಾರ ಸಂಜೆ ಕರೆಯುವುದು. ಅಣ್ಣ, ಇದು ತಪ್ಪಿದರೆ ಮೇಡಂ ಪತ್ರವೂ ನಿಲ್ಲುತ್ತದೆ.

*ರಫೀಕ್:* ತೀರ್ಥಹಳ್ಳಿಯಲ್ಲಿ ಇಬ್ಬರು ವೆಲ್ಡಿಂಗ್‌ನವರಿಂದ ಬರೆದ ಕೊಟೇಶನ್. ಬಾಯಿಮಾತಿನ ರೇಟು ಬೇಡ. ಶನಿವಾರ, 18ರೊಳಗೆ. ಪೈಪಿನ ದಪ್ಪ, ಕೂಲಿ, ಸಾಗಾಟ ಬೇರೆಬೇರೆ ಬರೆಸು ಮಾರಾಯ. ಇಲ್ಲದಿದ್ದರೆ ಒಬ್ಬನ ಲೆಕ್ಕವನ್ನು ಇನ್ನೊಬ್ಬನ ಜೊತೆ ಹೋಲಿಸೋಕೆ ಆಗೋದಿಲ್ಲ. ಒಡೆದ ಹಂಚು ಸುಮಾರು 200 ಇರಬಹುದು ಅಂದೆಯಲ್ಲ, ಅದನ್ನು ಒಮ್ಮೆ ಎಣಿಸಿಬಿಡು.

*ಶೋಭಕ್ಕ:* ಬದಲಿ ಹಂಚು ಹುಡುಕುವುದು, 25ರೊಳಗೆ. ಹೊಸ ಹಂಚು ತಂದರೆ ಅಳತೆ ಒಂಚೂರು ಆಚೀಚೆ ಇರುತ್ತದೆ, ಹಳೆಯದರ ಜೊತೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಾಗಾಗಿ ನಿಮ್ಮ ಕಡೆ ಹಳೇ ಮನೆ ಕೀಳುತ್ತಿರುವವರನ್ನು ಕೇಳಿ. ಹೋಗುವಾಗ ಶಾಲೆಯ ಒಂದು ಹಂಚನ್ನು ಜೊತೆಗೆ ಒಯ್ದು, ಪಕ್ಕಕ್ಕೆ ಜೋಡಿಸಿ ನೋಡಿಯೇ ಮಾತು ಮುಗಿಸಿ.

*ನಾನು (ವಸಂತ):* ಹಣದ ಲೆಕ್ಕ. ಇದುವರೆಗೆ ಎಲ್ಲರೂ ಸೇರಿ ಕೊಡುತ್ತೇವೆ ಅಂದಿದ್ದು 1,85,000 ರೂಪಾಯಿ. ಕೈಗೆ ಬಂದದ್ದು ಇನ್ನೂ ಸೊನ್ನೆ. ಎಸ್‌ಡಿಎಂಸಿ ಜಂಟಿ ಖಾತೆಯ ವಿವರವನ್ನು ಮೇಡಂ ಹತ್ತಿರ ತೆಗೆದುಕೊಂಡು ಮಂಗಳವಾರ ಕಳಿಸುತ್ತೇನೆ. ದಯವಿಟ್ಟು ನನ್ನ ನಂಬರಿಗೆ ಹಾಕಬೇಡಿ. ಶಾಲೆಯ ಖಾತೆಗೇ ಹಾಕಿ, ಶಾಲೆಯಿಂದಲೇ ರಸೀದಿ ಪಡೆಯಿರಿ.

*ಪ್ರಕಾಶ:* ನಿನ್ನ ವಿಷಯ ಸ್ವಲ್ಪ ಬೇರೆ. ಭಾರತದ ಪಾಸ್‌ಪೋರ್ಟ್ ಇರುವವರು ಹೊರಗಿನಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ನೀನು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದೀಯ. ಓಸಿಐ ಕಾರ್ಡ್ ಇದ್ದರೂ ನಿನ್ನ ಹಣ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ಲೆಕ್ಕಕ್ಕೇ ಬರುತ್ತದೆ. ಶಾಲೆ ಖಾತೆಗೆ ಅದನ್ನು ಹಾಕುವಂತಿಲ್ಲ. ತಮ್ಮನ ಖಾತೆಗೆ ಹಾಕಿ ಅಲ್ಲಿಂದ ತಿರುಗಿಸೋಣ ಅಂದೆಯಲ್ಲ, ಅದು ಬೇಡ. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಮೇಡಂ, ನಾವಲ್ಲ. ಹಣದ ಬದಲು ನೀನು ಒಪ್ಪಿಕೊಂಡ ಕೆಲಸ: ರಫೀಕ್ ಕಳಿಸುವ ಅಳತೆ ನೋಡಿ ಚೌಕಟ್ಟಿನ ನಕ್ಷೆ. ಇಳಿಜಾರು ಈಗಿರುವಷ್ಟೇ ಇರಲಿ. ಅಳತೆ ಸಿಕ್ಕ ಮೂರು ದಿನದಲ್ಲಿ.

*ಇನ್ನೂ ತೀರ್ಮಾನ ಆಗದಿರುವುದು*

ಹಂಚು ಇಳಿಸುವುದಕ್ಕೆ ಊರವರು ಶ್ರಮದಾನಕ್ಕೆ ಬರುತ್ತಾರೋ, ಕೂಲಿ ಕೊಡಬೇಕೋ? ಗಣಪತಿಯಣ್ಣ 'ಬರ್ತಾರೆ' ಅಂದರು, ರಫೀಕ್ ನಕ್ಕ. ಕೊಟೇಶನ್ ಬಂದ ಮೇಲೆ ನೋಡೋಣ. ಹಣ ಸಾಲದಿದ್ದರೆ ಏನು ಅನ್ನುವುದೂ ಆಗಲೇ. ಹೇಗಿದ್ದರೂ ಮೇ 15ಕ್ಕೆ ಹಂಚು ಹೊದಿಸಿ ಮುಗಿದಿರಬೇಕು. ಮೇ ಕೊನೆಯಲ್ಲಿ ಮಕ್ಕಳು ಬರುತ್ತಾರೆ. ಅದಕ್ಕೂ ಮೊದಲೇ ಅಡ್ಡಮಳೆ ಬಂದರೆ ಬಿಚ್ಚಿಟ್ಟ ಕೊಠಡಿಯ ಗೋಡೆ ನೆನೆಯುತ್ತದೆ.

ನಾನು ಬರೆದಿದ್ದರಲ್ಲಿ ತಪ್ಪಿದ್ದರೆ, ನಿಮ್ಮ ತಾರೀಖು ಆಗೋದಿಲ್ಲ ಅನಿಸಿದರೆ, ನಾಳೆ ರಾತ್ರಿ 9ರೊಳಗೆ ಇಲ್ಲೇ ಹೇಳಿ. ಸರಿ ಇದ್ದರೆ 'ಒಪ್ಪಿದೆ' ಅಂತ ಬರೆಯಿರಿ. ಹೆಬ್ಬೆರಳು ಒತ್ತಿ ಸುಮ್ಮನಾಗಬೇಡಿ, ಅದು ಓದಿದ್ದಕ್ಕೋ ಒಪ್ಪಿದ್ದಕ್ಕೋ ಗೊತ್ತಾಗೋದಿಲ್ಲ.

ಮುಂದಿನ ಫೋನ್: ಭಾನುವಾರ, ಏಪ್ರಿಲ್ 19, ರಾತ್ರಿ 8:30. ಪ್ರಕಾಶನಿಗೆ ಅದೇ ದಿನ ಬೆಳಿಗ್ಗೆ 10. ಶೋಭಕ್ಕ, ಆ ಹೊತ್ತಿಗೆ ಸಿಗ್ನಲ್ ಸಿಗುವ ಕಡೆ ಬಂದು ಕೂತಿರಿ.

– ವಸಂತ