ಮೂರು ವಾರ ಕೊಡುತ್ತೀಯಾ?

ಮೊದಲೇ ಹೇಳಿಬಿಡುತ್ತೇನೆ, ನಾನು ನಿನ್ನನ್ನು ಬಿಟ್ಟು ಹೋಗುತ್ತಿಲ್ಲ. ಇದು ಬ್ರೇಕಪ್ ಮೆಸೇಜ್ ಅಲ್ಲ. ಆ ಭಯ ಇಟ್ಟುಕೊಂಡು ಮುಂದೆ ಓದಬೇಡ.

ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ನಿನ್ನ ದನಿ ಸ್ವಲ್ಪ ಸಪ್ಪಗಾದರೂ ಸಾಕು, ನಾನು "ಏನಿಲ್ಲ ಬಿಡು" ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಹೊಸ ಊರಿನಲ್ಲಿ ಕೆಲಸ ಸಿಕ್ಕಿದಾಗಿನಿಂದ ಎಲ್ಲ ಓಡುತ್ತಿದೆ. ಮನೆಯವರಿಗೆ ಯಾವಾಗ ಹೇಳೋದು, ಮದುವೆ ಈ ವರ್ಷವೋ ಮುಂದಿನ ವರ್ಷವೋ, ನಾನು ಕೆಲಸ ಬಿಟ್ಟು ಬರೋದೋ, ಅಲ್ಲೇ ಹುಡುಕೋದೋ. ನೀನು ಒಂದನ್ನೂ ನನ್ನನ್ನು ಕೇಳದೆ ನಿರ್ಧರಿಸಿಲ್ಲ. ಪ್ರತಿ ಸಲ ಕೇಳಿದ್ದೀಯ, ನಾನು ಪ್ರತಿ ಸಲ "ಹೂಂ" ಅಂದಿದ್ದೇನೆ. ಆ ಹೂಂಗಳಲ್ಲಿ ಯಾವುದು ನನಗೆ ಬೇಕಾಗಿ ಅಂದಿದ್ದು, ಯಾವುದು ನಿನ್ನ ಖುಷಿ ನೋಡಿ ಅಂದಿದ್ದು ಅಂತ ನನಗೇ ಗೊತ್ತಾಗುತ್ತಿಲ್ಲ. ಹೀಗೇ ಮುಂದುವರಿದು ಆಮೇಲೆ ಯಾವತ್ತೋ ಜಗಳದಲ್ಲಿ "ನಿನಗೋಸ್ಕರ ಎಲ್ಲ ಬಿಟ್ಟು ಬಂದೆ" ಅಂತ ನಾನು ಅನ್ನೋದು ನನಗೆ ಇಷ್ಟವಿಲ್ಲ. ನಿನಗೂ ಅದನ್ನು ಕೇಳೋ ಗ್ರಹಚಾರ ಬೇಡ.

ಹಾಗಾಗಿ ಮೂರು ವಾರ ಒಬ್ಬಳೇ ಕೂತು ಯೋಚಿಸಬೇಕು. ಇವತ್ತು 7, ಶನಿವಾರ. 28ನೇ ತಾರೀಖು ಸಂಜೆ ನಾನೇ ನಿನ್ನ ಮನೆಗೆ ಬರುತ್ತೇನೆ. ಅಷ್ಟರೊಳಗೆ ಉತ್ತರ ಪೂರ್ತಿ ಸಿಕ್ಕಿರಲಿ, ಅರ್ಧ ಸಿಕ್ಕಿರಲಿ, ಬರುವುದಂತೂ ಬರುತ್ತೇನೆ. ಇನ್ನೊಂದು ವಾರ, ಮತ್ತೊಂದು ವಾರ ಅಂತ ಮೆಸೇಜಿನಲ್ಲಿ ಎಳೆಯುವುದಿಲ್ಲ.

ಈ ದಿನಗಳಲ್ಲಿ ರಾತ್ರಿ ಫೋನ್ ಬೇಡ. ಬೆಳಗಿನ ಗುಡ್ ಮಾರ್ನಿಂಗ್ ಕೂಡ ಬೇಡ (ನನಗೇ ಕಷ್ಟ ಇದು, ನಗಬೇಡ). ಭಾನುವಾರ ಭಾನುವಾರ ನಾನೇ ಒಂದು ಮೆಸೇಜ್ ಹಾಕುತ್ತೇನೆ, ಹೇಗಿದ್ದೀನಿ ಅಂತ. ನೀನೂ ಹೇಗಿದ್ದೀಯ ಅಂತ ಬರಿ. ಮದುವೆ, ಊರು, ಕೆಲಸದ ಮಾತು ಮಾತ್ರ ಅದರಲ್ಲಿ ಬೇಡ. ಆ ಮೆಸೇಜ್ ಚಿಕ್ಕದಾಗಿದ್ದರೆ ಅದಕ್ಕೆ ಏನೇನೋ ಅರ್ಥ ಹುಡುಕಬೇಡ ಕಣೋ. ನೀನು ಹುಡುಕುತ್ತೀಯ, ಗೊತ್ತು ನನಗೆ.

18ಕ್ಕೆ ನಿನ್ನ ಅಮ್ಮನ ಕಣ್ಣಿನ ಆಪರೇಷನ್ ಇದೆ ಅಲ್ವಾ, ಅದಕ್ಕೆ ಬರುತ್ತೇನೆ. ಅವರಿಗೆ ಮಾತು ಕೊಟ್ಟಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿರೋಣ, ನಮ್ಮ ವಿಷಯ ತೆಗೆಯದೆ. ಇನ್ನು ಯಾರಿಗಾದರೂ ಹುಷಾರು ತಪ್ಪಿತು, ಏನೋ ತುರ್ತು ಅಂದರೆ ಹಿಂದೆ ಮುಂದೆ ನೋಡದೆ ಫೋನ್ ಮಾಡು. ಮಧ್ಯರಾತ್ರಿಯಾದರೂ ಎತ್ತುತ್ತೇನೆ.

ನೀನು ಕೇಳದಿದ್ದರೂ ನಿನ್ನ ತಲೆಗೆ ಬರುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳುತ್ತೇನೆ. ಬೇರೆ ಯಾರೂ ಇಲ್ಲ. ಈ ಮೂರು ವಾರವೂ ನಾವು ಜೋಡಿಯೇ, ನನ್ನ ಕಡೆಯಿಂದ ಅದರಲ್ಲಿ ಏನೂ ಬದಲಾಗುವುದಿಲ್ಲ. ನಿನ್ನ ಕಡೆಯಿಂದಲೂ ಹಾಗೇ ಅಂದುಕೊಂಡಿದ್ದೇನೆ. ಸ್ನೇಹಿತರು ಕೇಳಿದರೆ ನಾನು "ಇಬ್ಬರೂ ಚೆನ್ನಾಗಿದ್ದೀವಿ, ಸ್ವಲ್ಪ ಬಿಜಿ" ಅನ್ನುತ್ತೇನೆ. ನಿನಗೆ ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಹೇಳಿಕೊಳ್ಳಬೇಕು ಅನಿಸಿದರೆ ನಿನ್ನ ಅಣ್ಣನ ಹತ್ತಿರ ಹೇಳು, ನನಗೆ ಬೇಜಾರಿಲ್ಲ. ಗ್ರೂಪಿನಲ್ಲಿ ಮಾತ್ರ ಬೇಡ.

28ರಂದು ನಿನಗೆ ಬೇಕಾದ ಉತ್ತರವನ್ನೇ ಹೇಳುತ್ತೇನೆ ಅಂತ ಮಾತ್ರ ಮಾತು ಕೊಡಲಾರೆ. ಕೊಟ್ಟರೆ ಯೋಚಿಸೋಕೆ ಸಮಯ ಕೇಳೋದಕ್ಕೇ ಅರ್ಥವಿಲ್ಲ. ಆದರೆ ಏನೇ ಇರಲಿ, ಎದುರು ಕೂತು ಹೇಳುತ್ತೇನೆ, ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಇದನ್ನು ಕೇಳುತ್ತಿಲ್ಲ. ಪ್ರೀತಿಯ ವಿಷಯದಲ್ಲಿ ನನಗೆ ಗೊಂದಲವಿಲ್ಲ, ಮುಂದಿನ ಬದುಕು ಎಲ್ಲಿ, ಹೇಗೆ ಅನ್ನೋದರಲ್ಲಿ ಇದೆ.

ನಿನಗೆ ಸಿಟ್ಟು ಬಂದರೆ ಬರಲಿ. ಬೇಜಾರಾದರೂ ಸರಿ, ಅದನ್ನು ನನ್ನಿಂದ ಮುಚ್ಚಿಡಬೇಡ. ಮೂರು ವಾರ ಜಾಸ್ತಿಯಾಯಿತು, ಭಾನುವಾರ ಒಂದು ಮೆಸೇಜ್ ಸಾಲದು ಅನಿಸಿದರೆ ಹೇಳು, ಹತ್ತು ನಿಮಿಷದ ಫೋನ್ ಮಾಡೋಣ. ಈಗಲೇ ಉತ್ತರಿಸಬೇಕು ಅಂತೇನೂ ಇಲ್ಲ. ಓದಿದೆ ಅಂತ ಒಂದು ಮಾತು ಹಾಕು ಸಾಕು, ಉಳಿದದ್ದನ್ನು ನಾಳೆ ಬರಿ.